ಕೊಟೇಶನ್ ಕಳ್ಸಿದ್ಮೇಲೆ "ನೋಡಿ ಹೇಳ್ತೀವಿ" ಅಂತ ಸುಮ್ನಾಗ್ತಾರಾ? ಪ್ರಪೋಸಲ್ ಬಿಚ್ಚಿ ದೋಷ ಹುಡುಕೋದು ಹೀಗೆ

ನಂದು ಶಿವಮೊಗ್ಗದಲ್ಲಿ ಜೆನರೇಟರ್ ಸರ್ವಿಸ್ ಕೆಲಸ. ನಾನು ಮತ್ತೆ ಇಬ್ಬರು ಹುಡುಗರು, ಒಂದು ಓಮ್ನಿ. ಮಿಷಿನ್ ಕೆಟ್ಟಿದ್ರೆ ಶಬ್ದ ಕೇಳೇ ಎಲ್ಲಿ ತೊಂದ್ರೆ ಅಂತ ಹೇಳ್ತೀನಿ, ಆದ್ರೆ ನನ್ನದೇ ಪ್ರಪೋಸಲ್ ಕೆಟ್ಟಿದ್ದು ನಂಗೆ ಗೊತ್ತಾಗಕ್ಕೆ ಎರಡು ವರ್ಷ ಬೇಕಾಯ್ತು. ಹೋದ ವರ್ಷ ಆಗುಂಬೆ ಹತ್ರದ ಒಂದು ರೆಸಾರ್ಟಿಗೆ ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟಿಗೆ ಅಂತ ಒಂಬತ್ತು ಪೇಜಿಂದು ಕಳ್ಸಿದ್ದೆ. 18 ರೂಮು, 62.5 ಕೆವಿಎ ಸೆಟ್ಟು, ನಮ್ಮ ಶೆಡ್ಡಿಂದ 90 ಕಿಲೋಮೀಟ್ರು. ಮ್ಯಾನೇಜರ್ರು ತಾವೇ ಫೋನ್ ಮಾಡಿ ಕೇಳಿದ್ದು, ನಾನು ಹೋಗಿ ನೋಡ್ಕೊಂಡು ಬಂದಿದ್ದು, ಕಾಫಿ ತಿಂಡಿ ಎಲ್ಲ ಆಗಿ ಚೆನ್ನಾಗೇ ಮಾತಾಡಿದ್ರು. ಕಳ್ಸಿದ್ಮೇಲೆ ಹನ್ನೆರಡು ದಿನ ಸುದ್ದಿ ಇಲ್ಲ. ನಾನೇ ಫೋನ್ ಮಾಡಿದ್ರೆ "ಓನರ್ರಿಗೆ ಕಳ್ಸಿದೀನಿ ಸರ್, ನೋಡಿ ಹೇಳ್ತಾರೆ... ಅಂದಹಾಗೆ ಒಟ್ಟು ಎಷ್ಟಾಗತ್ತೆ?" ಅಂದ್ರು.

ಆ ಕೊನೇ ಪ್ರಶ್ನೆನೇ ಫಾಲ್ಟ್ ಕೋಡ್ ಇದ್ದಂಗೆ. ರೇಟು ಇರೋ ಪೇಜು ಎದುರಿಗಿದ್ದೂ ಒಟ್ಟು ಎಷ್ಟು ಅಂತ ಕೇಳ್ತಾರೆ ಅಂದ್ರೆ ಆ ಪೇಜು ಕೆಲಸ ಮಾಡ್ತಿಲ್ಲ ಅಂತಾನೇ.

ಮೊದ್ಲು ಅವರು ಏನಂದ್ರು ಅನ್ನೋದು ನೋಡಿ

ಜೆನರೇಟರ್ ಸ್ಟಾರ್ಟ್ ಆಗ್ಲಿಲ್ಲ ಅಂದ ಕೂಡ್ಲೇ ಎಂಜಿನ್ ಬಿಚ್ಚಲ್ಲ ತಾನೇ, ಸೆಲ್ಫ್ ತಿರುಗ್ತಾ ಇದ್ಯಾ ಇಲ್ವಾ ಅಂತ ಕೇಳ್ತೀವಿ. ಇಲ್ಲೂ ಹಂಗೇ. ಕ್ಲೈಂಟ್ ಕಡೆಯಿಂದ ಬರೋ ಮಾತು ಮೂರ್ನಾಲ್ಕು ತರ ಇರತ್ತೆ, ಒಂದೊಂದಕ್ಕೂ ಪ್ರಪೋಸಲ್ಲಲ್ಲಿ ಒಂದೊಂದು ಜಾಗ ಇದೆ.

"ಒಟ್ಟು ಎಷ್ಟು", "ಟ್ಯಾಕ್ಸ್ ಸೇರಿನಾ", "ಆಯಿಲ್ ಇದ್ರಲ್ಲೇ ಬಂತಾ" ಅಂತ ಕೇಳಿದ್ರೆ ರೇಟಿನ ಪೇಜಲ್ಲಿ ತೊಂದ್ರೆ. ಏನೂ ಕೇಳದೆ ಸೀದಾ "ಇನ್ನೂ ಸ್ವಲ್ಪ ಕಮ್ಮಿ ಮಾಡಿ" ಅಂದ್ರೆ ತೊಂದ್ರೆ ಬೇರೆ ಕಡೆ ಇದೆ, ಮೊದಲ್ನೇ ಪೇಜಲ್ಲಿ. ದುಡ್ಡು ಯಾಕೆ ಕೊಡಬೇಕು ಅನ್ನೋದು ಅವರ ತಲೆಗೆ ಹೋಗಿಲ್ಲ, ಹಂಗಾಗಿ ಕಣ್ಣಿಗೆ ಕಾಣೋದು ದುಡ್ಡು ಒಂದೇ. "ಇನ್ನೂ ಎರಡು ಕೊಟೇಶನ್ ತರಿಸ್ತಾ ಇದೀವಿ" ಅಂದ್ರೆ ಸುಮಾರಾಗಿ ಅದೇ, ಯಾಕಂದ್ರೆ ನಾವು ಕೊಟ್ಟ ಕಾಗದದಲ್ಲಿ ಅವರ ಜಾಗದ್ದೇ ಅನ್ನೋಂಥದ್ದು ಏನೂ ಇಲ್ಲ, ಯಾರ ಹೆಸರು ಹಾಕಿದ್ರೂ ನಡಿಯತ್ತೆ. ಇನ್ನು ಪೂರ್ತಿ ಸುಮ್ನಾದ್ರೆ ಸಾಮಾನ್ಯ ಎರಡೂ ಕೆಟ್ಟಿರತ್ತೆ, ಇಲ್ಲಾ ಅವರಿಗೆ ನಿಜವಾಗ್ಲೂ ಬಜೆಟ್ ಇಲ್ಲ. ಅದಕ್ಕೆ ಪ್ರಪೋಸಲ್ ತಿದ್ದಿ ಪ್ರಯೋಜನ ಇಲ್ಲ ಬಿಡಿ.

ನಂಗೆ ಬಂದಿದ್ದು ಮೊದಲ್ನೇ ತರದ್ದು. ಆದ್ರೂ ಎರಡೂ ಕಡೆ ಚೆಕ್ ಮಾಡ್ದೆ, ಚೆಕ್ ಮಾಡಿದ್ದು ಒಳ್ಳೇದೇ ಆಯ್ತು.

ಅರ್ಧ ನಿಮಿಷದ ಟೆಸ್ಟು

ನಮ್ಮ ಭಾವ ಅಡಿಕೆ ಮಂಡಿಲಿ ಲೆಕ್ಕ ಬರೀತಾರೆ, ಜೆನರೇಟರ್ ಬಗ್ಗೆ ಏನೂ ಗೊತ್ತಿಲ್ಲ, ಅದೇ ಬೇಕಾಗಿದ್ದು. ಮೊದಲ್ನೇ ಪೇಜು ಮಾತ್ರ ಕೈಗೆ ಕೊಟ್ಟು ಅರ್ಧ ನಿಮಿಷ ಬಿಟ್ಟು ವಾಪಸ್ ಕಿತ್ಕೊಂಡು "ಯಾರಿಗೆ ಏನು ತೊಂದ್ರೆ ಹೇಳಿ ಭಾವ" ಅಂದೆ.

"ತೊಂದ್ರೆ ಎಂತದೂ ಕಾಣ್ಲಿಲ್ಲ ಮಾರಾಯ, ನಿಂಗೆ 14 ವರ್ಷ ಅನುಭವ ಇದೆ ಅಂತ ಬರ್ದಿದೆ, ಮತ್ತೆ ನಿಮ್ಮ ಹುಡುಗ್ರ ಫೋಟೋ ಇದೆ."

ಅಷ್ಟೇ! ಆಮೇಲೆ ಒಂದು ಹಳದಿ ಸ್ಕೆಚ್ ಪೆನ್ ತಗೊಂಡು "ನಾವು", "ನಮ್ಮ" ಅಂತ ಶುರುವಾಗೋ ಸಾಲಿಗೆಲ್ಲ ಗೆರೆ ಎಳ್ದೆ, ಹಸಿರಲ್ಲಿ "ನಿಮ್ಮ" ಅಂತ ಇರೋದಕ್ಕೆ. ಮೊದಲ್ನೇ ನಾಲ್ಕು ಪೇಜು ಪೂರ್ತಿ ಹಳದಿ. ಹಸಿರು ಸಿಕ್ಕಿದ್ದು ಎಂಟನೇ ಪೇಜಲ್ಲಿ ಒಂದೇ ಒಂದು, "ನಿಮ್ಮೊಂದಿಗೆ ಚರ್ಚಿಸಿದಂತೆ". ಚರ್ಚೆ ಮಾಡಿದ್ದು ಏನು ಅಂತ ಎಲ್ಲೂ ಇಲ್ಲ. ಮ್ಯಾನೇಜರ್ರಿಗೆ ಗೊತ್ತಿತ್ತು ಸರಿ, ಆದ್ರೆ ಬೆಂಗಳೂರಲ್ಲಿ ಕೂತ ಓನರ್ರಿಗೆ ಹೆಂಗೆ ಗೊತ್ತಾಗಬೇಕು? ನಾನು ಮಾತಾಡಿದ್ದು ಒಬ್ಬರ ಹತ್ರ, ದುಡ್ಡು ಕೊಡೋರು ಇನ್ನೊಬ್ರು, ಈ ಎರಡರ ಮಧ್ಯ ಹೋಗೋದು ಆ ಕಾಗದ ಒಂದೇ.

ಮೊದಲ್ನೇ ಪೇಜಿಗೆ ಸಾಮಾನು ಎಲ್ಲಿಂದ ತರೋದು

ಅವರ ಸಮಸ್ಯೆ ಮೊದ್ಲು ಬರೀರಿ ಅಂತ ಹೇಳೋದು ಸುಲಭ, ಬರೆಯಕ್ಕೆ ಕೂತಾಗ ಬರೋದು "ಮಳೆಗಾಲದಲ್ಲಿ ವಿದ್ಯುತ್ ವ್ಯತ್ಯಯದಿಂದ ಅತಿಥಿಗಳಿಗೆ ಅನಾನುಕೂಲ" ಅನ್ನೋ ಸಾಲು. ನಾನೂ ಮೊದ್ಲು ಅದೇ ಬರ್ದೆ. ಓದಿ ನೋಡಿದ್ರೆ ಇದು ತೀರ್ಥಹಳ್ಳಿ ತಾಲ್ಲೂಕಿನ ಯಾವ ಮನೆಗಾದ್ರೂ ಆಗತ್ತೆ. ಹೆಸರು ಬದ್ಲಾಯಿಸಿದ್ರೆ ಇನ್ನೊಬ್ಬ ಕ್ಲೈಂಟಿಗೂ ಸರಿಹೋಗೋ ಸಾಲು ಇದ್ರೆ ಅದು ಸಮಸ್ಯೆ ಅಲ್ಲ, ಬರೀ ಮುನ್ನುಡಿ.

ಮ್ಯಾನೇಜರ್ರಿಗೆ ಫೋನ್ ಮಾಡಿ ಸೆಟ್ಟಿನ ಲಾಗ್ ಬುಕ್ಕಿನ ಫೋಟೋ ಕಳ್ಸಿ ಅಂದೆ. ವಾಟ್ಸಾಪಲ್ಲಿ ಆರು ಫೋಟೋ ಬಂತು, ಎರಡರ ಮೇಲೆ ಡೀಸೆಲ್ ಕಲೆ. ಅದ್ರಲ್ಲಿ ಇದ್ದಿದ್ದು ನೋಡಿ: ಜೂನಿಂದ ಸೆಪ್ಟೆಂಬರ್ ಒಳಗೆ 5 ಸಲ ಕರೆಂಟ್ ಹೋದಾಗ ಸೆಟ್ಟು ತಾನಾಗೇ ಸ್ಟಾರ್ಟ್ ಆಗಿಲ್ಲ. 3 ಸಲ ಬ್ಯಾಟರಿ ಡೌನ್, 1 ಸಲ ಚೇಂಜ್‌ಓವರ್ ಪ್ಯಾನೆಲ್ ಒಳಗೆ ತೇವ, 1 ಸಲ ಡೀಸೆಲ್ಲಲ್ಲಿ ನೀರು. ಬ್ಯಾಟರಿ ಡೌನ್ ಆದಾಗ ಏನಾಗತ್ತೆ ಅಂದ್ರೆ ಪ್ಯಾನೆಲ್ಲು ಮೂರು ಸಲ ಸೆಲ್ಫ್ ಹೊಡ್ದು ನೋಡತ್ತೆ, ಆಗ್ಲಿಲ್ಲ ಅಂದ್ರೆ ಲಾಕ್ ಆಗಿ ಕೂರತ್ತೆ, ಆಮೇಲೆ ಯಾರಾದ್ರೂ ಹೋಗಿ ರೀಸೆಟ್ ಒತ್ತಬೇಕು. ಕತ್ತಲು, ಮಳೆ, ಶೆಡ್ಡು ಗುಡ್ಡದ ಕೆಳಗೆ, ರೀಸೆಟ್ ಎಲ್ಲಿದೆ ಅಂತ ಗೊತ್ತಿರೋನು ರಜೆಲಿ. ಕತ್ತಲಲ್ಲಿ ಇದ್ದಿದ್ದು ಕಮ್ಮಿ ಅಂದ್ರೆ 4 ಗಂಟೆ, ಜಾಸ್ತಿ ಅಂದ್ರೆ 9.

ಇಷ್ಟು ಕೈಲಿದ್ರೆ ಪೇಜು ತಾನಾಗೇ ಬರತ್ತೆ. ಆದ್ರೆ ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದು. ನನ್ನ ಎರಡನೇ ಡ್ರಾಫ್ಟಲ್ಲಿ "ಬ್ಯಾಟರಿ ಚಾರ್ಜರನ್ನು ಬೇಸಿಗೆಯಲ್ಲಿ ಆಫ್ ಮಾಡಿಟ್ಟಿದ್ದರಿಂದ" ಅಂತ ಇತ್ತು. ನಿಜಾನೇ. ಆದ್ರೆ ಆಫ್ ಮಾಡಿದ್ದು ಯಾರು? ಅದೇ ಮ್ಯಾನೇಜರ್ರ ಕೈಕೆಳಗಿನೋರು. ತನ್ನ ತಪ್ಪು ಬರ್ದಿರೋ ಕಾಗದನ ಯಾರು ತಾನೇ ಓನರ್ರಿಗೆ ಕಳ್ಸ್ತಾರೆ? ಸಮಸ್ಯೆ ಮೊದ್ಲು ಬರಬೇಕು ಅಂದ್ರೆ ಅದು ಆರೋಪ ಪಟ್ಟಿ ಆಗಬೇಕು ಅಂತಲ್ಲ. ಅದನ್ನ ಮಿಷಿನ್ ಕಡೆಯಿಂದ ತಿರುಗಿಸಿ ಬರ್ದೆ: "ಸೆಟ್ಟು ವಾರಗಟ್ಟಲೆ ಓಡದೆ ನಿಂತಾಗ ಬ್ಯಾಟರಿ ತಾನಾಗಿ ಇಳಿಯುತ್ತದೆ, ಚಾರ್ಜರ್ ಸದಾ ಆನ್ ಇದ್ದರೆ ಮಾತ್ರ ಉಳಿಯುತ್ತದೆ." ವಿಷಯ ಅದೇ, ಯಾರ ಮೇಲೂ ಬೆರಳಿಲ್ಲ.

ಕೊನೆಗೆ ಹೋದ ಮೊದಲ್ನೇ ಪೇಜು ಇಷ್ಟೇ ಉದ್ದ:

"ಕಳೆದ ಮಳೆಗಾಲ ನಿಮ್ಮಲ್ಲಿ 5 ಸಲ ಕರೆಂಟ್ ಹೋದಾಗ ಜೆನರೇಟರ್ ತಾನಾಗಿ ಶುರುವಾಗಲಿಲ್ಲ, ಪ್ರತಿ ಸಲ 4ರಿಂದ 9 ಗಂಟೆ 18 ರೂಮಿಗೂ ಕರೆಂಟಿಲ್ಲ, ಬೋರ್ ಪಂಪ್ ನಿಂತಿದ್ದರಿಂದ ನೀರೂ ಇಲ್ಲ. ಐದರಲ್ಲಿ ಮೂರಕ್ಕೆ ಕಾರಣ ಬ್ಯಾಟರಿ. ಉಳಿದ ಎರಡು ತೇವ ಮತ್ತು ಡೀಸೆಲ್ಲಿನ ನೀರು. ಐದೂ ಮಳೆಗೆ ಮುಂಚೆ ಚೆಕ್ ಮಾಡಿದ್ದರೆ ಸಿಗುವಂಥವು. ಈ ಮಳೆಗಾಲ ಆರಿದ್ರಾ ಹಿಡಿಯುವ ಮುಂಚೆ ಇವನ್ನು ಮುಗಿಸುವುದು, ಆಮೇಲೂ ಕೆಟ್ಟರೆ ಎಷ್ಟು ಹೊತ್ತಲ್ಲಿ ಬರುತ್ತೇವೆ ಎಂಬುದು, ಮುಂದಿನ ಪುಟದಲ್ಲಿದೆ."

ಪಂಪಿನ ವಿಷಯ ಲಾಗ್ ಬುಕ್ಕಲ್ಲಿ ಇರ್ಲಿಲ್ಲ, ಮ್ಯಾನೇಜರ್ರು ಮಾತಿನ ಮಧ್ಯ ಹೇಳಿದ್ದು: "ಲೈಟ್ ಇಲ್ದೆ ಇದ್ರೆ ಗೆಸ್ಟು ಸಹಿಸ್ಕೋತಾರೆ ಸರ್, ಬಾತ್‌ರೂಮಲ್ಲಿ ನೀರಿಲ್ಲ ಅಂದ್ರೆ ರಾತ್ರಿನೇ ಬ್ಯಾಗ್ ಕಟ್ತಾರೆ." ಇಂಥ ಒಂದು ಮಾತು ಸಿಕ್ಕಿದ್ರೆ ಬಿಡಬೇಡಿ, ಅವರ ತಲೆನೋವು ನಿಜವಾಗಿ ಇರೋದು ಅಲ್ಲಿ. ನಮ್ಮ 14 ವರ್ಷ, ಹುಡುಗ್ರ ಫೋಟೋ ಎಲ್ಲ ಕೊನೇ ಪೇಜಿಗೆ ಹೋಯ್ತು. ತೆಗೆದಿಲ್ಲ, ಓನರ್ರು ನಮ್ಮನ್ನ ನೋಡಿಲ್ವಲ್ಲ, ಇವರು ಯಾರು ಅಂತ ಕೊನೆಗೆ ಬೇಕೇ ಬೇಕು.

ರೇಟಿನ ಪೇಜು ಬಿಚ್ಚಿದಾಗ

ಹಳೇ ಪೇಜಲ್ಲಿ ಮೂರು ಪ್ಲಾನ್ ಇತ್ತು, ಮೂರು ಡಬ್ಬಿ, ಮೂರು ಬಣ್ಣ, ನೋಡಕ್ಕೆ ಚೆಂದ. ಸಿಲ್ವರ್, ತಿಂಗಳಿಗೆ 3,500, ಜಿಎಸ್‌ಟಿ ಬೇರೆ, ವರ್ಷಕ್ಕೆ 4 ಸರ್ವಿಸ್ ವಿಸಿಟ್, ಆಯಿಲ್ ಫಿಲ್ಟರ್ ಬೇರೆ, ಕೆಟ್ಟಾಗ ಬಂದ್ರೆ ಒಂದು ಸಲಕ್ಕೆ 2,500 ಜೊತೆಗೆ ಟ್ಯಾಕ್ಸು. ಗೋಲ್ಡ್, ವರ್ಷಕ್ಕೆ 60,000 ಟ್ಯಾಕ್ಸ್ ಸೇರಿ, 4 ಸರ್ವಿಸ್, ಆಯಿಲ್ ಫಿಲ್ಟರ್ ಒಳಗೇ, ಕೆಟ್ಟಾಗ 2 ಸಲ ಫ್ರೀ, ಆಮೇಲೆ ಅದೇ 2,500. ಮೂರನೇದು ಕರೆದಾಗ ಬರೋದು, ಒಂದು ವಿಸಿಟ್ಟಿಗೆ 2,800, ಓಡಾಟ ಕಿಲೋಮೀಟ್ರಿಗೆ 18, ಟ್ಯಾಕ್ಸ್ ಬೇರೆ.

ಇದನ್ನ ಭಾವಂಗೆ ತೋರ್ಸಿ ಯಾವುದು ಕಮ್ಮಿ ಹೇಳಿ ಅಂದೆ. ಐದು ನಿಮಿಷ ನೋಡಿ ಕನ್ನಡಕ ತೆಗೆದಿಟ್ರು. "ಒಬ್ಬ ರಾಶಿ ರೇಟು ಕ್ವಿಂಟಾಲಿಗೆ ಹೇಳ್ತಾನೆ, ಇನ್ನೊಬ್ಬ ಬೆಟ್ಟೆ ಮೂಟೆ ಲೆಕ್ಕದಲ್ಲಿ ಚೀಲ ಸೇರಿ ಹೇಳ್ತಾನೆ, ಮತ್ತೊಬ್ಬ ಸೇರಿಗಿಷ್ಟು ಅಂತಾನೆ, ಯಾವುದು ಕಮ್ಮಿ ಅಂತ ನಾನು ಹೆಂಗೆ ಹೇಳ್ಲಿ? ಮಂಡಿಲಿ ಹಿಂಗೆ ಬರ್ದ್ರೆ ಒಂದು ಚೀಲನೂ ಹೋಗಲ್ಲ."

ದೋಷ ಪೂರ್ತಿ ಅಲ್ಲೇ ಇತ್ತು. ಒಂದು ತಿಂಗಳ ಲೆಕ್ಕ, ಒಂದು ವರ್ಷದ್ದು, ಒಂದು ವಿಸಿಟ್ಟಿಂದು. ಒಂದರಲ್ಲಿ ಟ್ಯಾಕ್ಸ್ ಒಳಗೆ, ಎರಡರಲ್ಲಿ ಹೊರಗೆ. ಒಂದರಲ್ಲಿ ಆಯಿಲ್ ಇದೆ, ಇನ್ನೊಂದ್ರಲ್ಲಿ ಇಲ್ಲ. ರಿಪೇರಿ ಅಂದ್ರೆ ಮೂರನ್ನೂ ಒಂದೇ ಅಳತೆಗೆ ತರೋದು, ಆ ಅಳತೆ ನಮಗೆ ಅನುಕೂಲ ಆಗೋದಲ್ಲ, ಅವರ ಹೋದ ವರ್ಷ. ಅಂದ್ರೆ 4 ಸರ್ವಿಸ್, 5 ಸಲ ಕೆಟ್ಟಿದ್ದು, ಒಂದು ಸಲ ಆಯಿಲ್ ಫಿಲ್ಟರ್ ಬದಲಾವಣೆ (ನಮ್ಮ ರೇಟಲ್ಲಿ ಟ್ಯಾಕ್ಸ್ ಸೇರಿ 8,000), ಎಲ್ಲಾ 18% ಜಿಎಸ್‌ಟಿ ಸೇರಿ.

ಕೂತು ಹಾಕ್ದೆ. ಸಿಲ್ವರ್: 3,500 ಇಂಟು 12, 42,000, ಟ್ಯಾಕ್ಸ್ ಸೇರಿ 49,560. ಕೆಟ್ಟಾಗ 5 ಸಲ, ಸಲಕ್ಕೆ ಟ್ಯಾಕ್ಸ್ ಸೇರಿ 2,950, ಅಲ್ಲಿಗೆ 14,750. ಆಯಿಲ್ 8,000. ಒಟ್ಟು 72,310. ಗೋಲ್ಡ್: 60,000, ಫ್ರೀ ಎರಡು ಕಳೆದು 3 ಸಲಕ್ಕೆ 8,850, ಒಟ್ಟು 68,850. ಕರೆದಾಗ ಬರೋದು: ಹೋಗಿ ಬರಕ್ಕೆ 180 ಕಿಲೋಮೀಟ್ರು 3,240, ವಿಸಿಟ್ ಸೇರಿ 6,040, 9 ಸಲ ಅಂದ್ರೆ 54,360, ಟ್ಯಾಕ್ಸ್ ಆಯಿಲ್ ಸೇರಿ 72,145.

ನೋಡಿ ನಂಗೇ ಗಾಬರಿ ಆಯ್ತು. ಎಲ್ಲಕ್ಕಿಂತ ಸಣ್ಣದಾಗಿ ಕಾಣ್ತಿದ್ದ "3,500" ಎಲ್ಲಕ್ಕಿಂತ ದುಬಾರಿ! ಇನ್ನೂ ಸ್ವಲ್ಪ ಕೆದಕಿದ್ರೆ, ವರ್ಷದಲ್ಲಿ ಒಂದು ಸಲನೂ ಕೆಡದೆ ಇದ್ರೆ ಸಿಲ್ವರ್ 57,560, ಗೋಲ್ಡ್ 60,000. ಒಂದೇ ಒಂದು ಸಲ ಕೆಟ್ರೆ ಸಿಲ್ವರ್ 60,510, ಗೋಲ್ಡ್ 60,000. ಅಂದ್ರೆ ಒಂದು ಸಲನೂ ಕೆಡದ ಸೆಟ್ಟಿಗೆ ಮಾತ್ರ ಸಿಲ್ವರ್ ಲಾಭ, ಅಂಥ ಸೆಟ್ಟಿಗೆ ಕರೆದಾಗ ಬರೋದೇ ಇನ್ನೂ ಕಮ್ಮಿ ಬೀಳತ್ತೆ. ಯಾರಿಗೂ ಬೇಡದ ಪ್ಲಾನು ಮಾಡಿ ಎರಡು ವರ್ಷ ಮಾರ್ತಾ ಇದ್ದೆ, ತಗೊಂಡೋರು ವರ್ಷದ ಕೊನೆಗೆ "ಇಷ್ಟೆಲ್ಲ ಬಿಲ್ ಹೆಂಗಾಯ್ತು" ಅಂತ ಮುಖ ಸಿಂಡರಿಸ್ಕೊಂಡಿದ್ದು ಯಾಕೆ ಅಂತ ಆವತ್ತು ಗೊತ್ತಾಯ್ತು. ರೇಟು ಹೋಲಿಸಕ್ಕೆ ಕಷ್ಟ ಆಗ್ತಿದೆ ಅಂದ್ರೆ ಎಷ್ಟೋ ಸಲ ಬರವಣಿಗೆ ತಪ್ಪಲ್ಲ, ಪ್ಲಾನೇ ಸರಿ ಇರಲ್ಲ, ಒಂದೇ ಅಳತೆಗೆ ತಂದಾಗ ಮಾತ್ರ ಹೊರಗೆ ಬರತ್ತೆ. ಸಿಲ್ವರ್ ಕಿತ್ತಾಕ್ದೆ.

ಟ್ಯಾಕ್ಸಿನ ವಿಷಯಕ್ಕೆ ಒಂದು ಮಾತು. ಮಾಚೇನಹಳ್ಳಿ ಕಡೆ ಫೌಂಡ್ರಿಯೋರಿಗೆ ಕಳ್ಸೋವಾಗ ನಾನು ಟ್ಯಾಕ್ಸ್ ಬಿಟ್ಟ ಮೊತ್ತನೇ ದೊಡ್ಡದಾಗಿ ಹಾಕ್ತೀನಿ, ಅವರಿಗೆ ಇನ್‌ಪುಟ್ ಕ್ರೆಡಿಟ್ ಸಿಗತ್ತೆ, 18% ಅವರ ಖರ್ಚಲ್ಲ. ಲಾಡ್ಜು ರೆಸಾರ್ಟಿಗೆ ಹಂಗಲ್ಲ. 7,500ರ ಒಳಗಿನ ರೂಮಿಗೆ 2025ರ ಸೆಪ್ಟೆಂಬರಿಂದ 5% ಟ್ಯಾಕ್ಸು, ಕ್ರೆಡಿಟ್ ಇಲ್ಲ. ಅವರಿಗೆ ನಮ್ಮ ಜಿಎಸ್‌ಟಿ ಕೈಯಿಂದ ಹೋಗೋ ದುಡ್ಡೇ. ಕೇಳಿ ತಿಳ್ಕೊಂಡು ಹಾಕಿ.

ಹೊಸ ಪೇಜು, ಅದ್ರಲ್ಲೂ ಒಂದು ತಪ್ಪು

ಸಿಲ್ವರ್ ಜಾಗಕ್ಕೆ ಮಳೆಗಾಲಕ್ಕೇ ಅಂತ ಒಂದು ಹೊಸ ಪ್ಲಾನ್ ಸೇರಿಸ್ದೆ, 78,000, ಹೊಸ ಬ್ಯಾಟರಿ ಒಳಗೇ. ಪ್ಲಾನಿನ ಹೆಸರೂ ತೆಗೆದೆ, ಗೋಲ್ಡು ಬೆಳ್ಳಿ ಅಂದ್ರೆ ಏನು ಸಿಗತ್ತೆ ಅಂತ ಗೊತ್ತಾಗಲ್ಲ. ಆದ್ರೆ ಉತ್ಸಾಹದಲ್ಲಿ ಎಕ್ಸೆಲ್ಲಲ್ಲಿ ಹದಿನೇಳು ಸಾಲಿನ ಟೇಬಲ್ ಮಾಡ್ಬಿಟ್ಟೆ, ಕೂಲಂಟ್ ಟಾಪ್‌ಅಪ್, ಬೆಲ್ಟ್ ಟೆನ್ಶನ್, ಅರ್ಥಿಂಗ್ ಚೆಕ್ ಅಂತ, ಎಲ್ಲದ್ರಲ್ಲೂ ಮೂರೂ ಕಡೆ ಟಿಕ್ ಮಾರ್ಕೇ. ಮೂರೂ ಕಡೆ ಒಂದೇ ಉತ್ತರ ಇರೋ ಸಾಲು ಹೋಲಿಸೋ ಟೇಬಲ್ಲಲ್ಲಿ ಇರೋದ್ರಲ್ಲಿ ಅರ್ಥ ಇಲ್ಲ. ಅವನ್ನೆಲ್ಲ ಕೆಳಗೆ "ಮೂರರಲ್ಲೂ ಇರೋದು" ಅಂತ ಒಂದೇ ವಾಕ್ಯಕ್ಕೆ ಹಾಕಿ, ವ್ಯತ್ಯಾಸ ಇರೋದು ಮಾತ್ರ ಉಳಿಸ್ದೆ:

| | ಕರೆದಾಗ | ವರ್ಷದ ಕಾಂಟ್ರಾಕ್ಟ್ | ಮಳೆಗಾಲ ಪೂರ್ತಿ |
|---|---|---|---|
| ಕೆಟ್ಟಾಗ ಯಾವಾಗ ಬರ್ತೀವಿ | ಕೆಲಸ ನೋಡ್ಕೊಂಡು | 24 ಗಂಟೆ ಒಳಗೆ | ಹಗಲಲ್ಲಿ 6 ಗಂಟೆ ಒಳಗೆ |
| ಕೆಟ್ಟಾಗ ಬರೋ ಖರ್ಚು | ಸಲಕ್ಕೆ 7,127 | 2 ಸಲ ಇಲ್ಲ, ಆಮೇಲೆ 2,950 | ಜೂನ್–ಸೆಪ್ಟೆಂಬರ್ ಇಲ್ಲ |
| ಆಯಿಲ್, ಫಿಲ್ಟರ್ | ಬೇರೆ | ಸೇರಿದೆ | ಸೇರಿದೆ |
| ಹೊಸ ಬ್ಯಾಟರಿ | ಬೇರೆ | ಬೇರೆ | ಸೇರಿದೆ |
| ಹೋದ ವರ್ಷದಂಗೆ 5 ಸಲ ಕೆಟ್ರೆ ಒಟ್ಟು | 72,145 | 68,850 | 78,000 |
| 1 ಸಲ ಮಾತ್ರ ಕೆಟ್ರೆ ಒಟ್ಟು | 43,636 | 60,000 | 78,000 |

ಕೊನೇ ಸಾಲು ಹಾಕಕ್ಕೆ ಕೈ ಬರ್ಲಿಲ್ಲ ನೋಡಿ. ಅದನ್ನ ನೋಡಿದ್ರೆ ಕಾಂಟ್ರಾಕ್ಟೇ ಬೇಡ ಅನ್ಸತ್ತೆ. ಆದ್ರೆ ಆ ಲೆಕ್ಕ ಅವರು ಹೆಂಗೂ ಹಾಕ್ತಾರೆ, ನಾವೇ ಹಾಕಿದ್ರೆ ಮೇಲಿನ ಸಾಲನ್ನೂ ನಂಬ್ತಾರೆ. ಮೇಲಾಗಿ ಅವರ ಸೆಟ್ಟು ಹೋದ ವರ್ಷ ಐದು ಸಲ ಕೈ ಕೊಟ್ಟಿದ್ದು ಮೊದಲ್ನೇ ಪೇಜಲ್ಲೇ ಇದ್ಯಲ್ಲ, ಅದಕ್ಕೇ ಆ ಪೇಜು ಮೊದ್ಲು ಬರೋದು. ಟೇಬಲ್ ಕೆಳಗೆ ಇನ್ನೊಂದು ಸಾಲು: ಡೀಸೆಲ್, ಆಲ್ಟರ್ನೇಟರ್ ರೀವೈಂಡಿಂಗ್, ಸಿಡಿಲು ಹೊಡೆದು ಪ್ಯಾನೆಲ್ ಸುಟ್ಟಿದ್ದು ಯಾವುದರಲ್ಲೂ ಸೇರಿಲ್ಲ, ರಸ್ತೆ ಮೇಲೆ ಮರ ಬಿದ್ದಿದ್ರೆ ಆ 6 ಗಂಟೆಗೆ ನಾವು ಜವಾಬ್ದಾರಿ ಅಲ್ಲ. ಇದನ್ನ ಚುಕ್ಕಿ ಗುರುತು ಹಾಕಿ ಇರುವೆ ಅಕ್ಷರದಲ್ಲಿ ಹಾಕಬೇಡಿ, ಅದೇ ಸೈಜಲ್ಲಿ ಹಾಕಿ.

ಯಾವುದು ತಗೋಬೇಕು ಅಂತನೂ ನಾನೇ ಬರ್ದೆ, "ನಮ್ಮ ಸಲಹೆ: ವರ್ಷದ ಕಾಂಟ್ರಾಕ್ಟ್, ಕಾರಣ ಹೋದ ವರ್ಷದ ಲೆಕ್ಕದಲ್ಲಿ ಇದೇ ಕಮ್ಮಿ." ದುಬಾರಿದನ್ನ ನಕ್ಷತ್ರ ಹಾಕಿ ತೋರ್ಸೋದಕ್ಕಿಂತ ಇದು ವಾಸಿ.

ಮತ್ತೆ ಭಾವನ ಕೈಗೆ ಕೊಟ್ಟೆ, ಅದೇ ಅರ್ಧ ನಿಮಿಷ. "ಯಾವುದೋ ರೆಸಾರ್ಟಲ್ಲಿ ಬ್ಯಾಟರಿ ಕೈ ಕೊಟ್ಟು ರಾತ್ರಿ ನೀರಿಲ್ಲ" ಅಂದ್ರು. ಎರಡನೇ ಪೇಜು ನೋಡಿ ಬೆರಳಿಟ್ಟು "68,850" ಅಂದ್ರು. ಒಂಬತ್ತು ಪೇಜಿಂದು ಮೂರಕ್ಕೆ ಇಳಿದಿತ್ತು.

ಸರ್ಕಾರಿ ಟೆಂಡರಿಗೆ ಇದ್ಯಾವುದೂ ನಡಿಯಲ್ಲ, ಅಲ್ಲಿ ಅವರ ಫಾರ್ಮ್ಯಾಟೇ ಫಾರ್ಮ್ಯಾಟು, ರೇಟು ಅವರು ಕೊಟ್ಟ ಶೀಟಲ್ಲೇ ತುಂಬಬೇಕು, ಜಾಣತನ ಮಾಡಕ್ಕೆ ಹೋದ್ರೆ ರಿಜೆಕ್ಟ್. ಮತ್ತೆ ಲಾಗ್ ಬುಕ್ಕೇ ಇಲ್ಲದ ಕ್ಲೈಂಟ್ ಇದ್ರೆ ಹೋದ ವರ್ಷದ ಲೆಕ್ಕ ಊಹೆ ಮಾಡಿ ಬರೀಬೇಡಿ, ಅವರ ಎಲೆಕ್ಟ್ರಿಷಿಯನ್ನನ್ನ ಕೂರಿಸ್ಕೊಂಡು ಕೇಳಿ, ಹೇಳಿದ್ದನ್ನ "ನಿಮ್ಮವರು ಹೇಳಿದ ಪ್ರಕಾರ" ಅಂತ ಬರೀರಿ.

ಹೊಸದು ಕಳ್ಸಿ ಎರಡನೇ ದಿನಕ್ಕೆ ಮ್ಯಾನೇಜರ್ರ ಫೋನು. ಒಟ್ಟು ಎಷ್ಟು ಅಂತ ಕೇಳ್ಲಿಲ್ಲ. "ಸರ್, ಆ ಎರಡನೇ ಪೇಜು ಮಾತ್ರ ಫೋಟೋ ಹೊಡ್ದು ಓನರ್ರಿಗೆ ಹಾಕಿದ್ದೆ, ವರ್ಷದ ಕಾಂಟ್ರಾಕ್ಟಿಗೇ ಆ ಹೊಸ ಬ್ಯಾಟರಿ ಒಂದು ಸೇರ್ಸಕ್ಕಾಗತ್ತಾ ಅಂತ ಕೇಳ್ತಿದಾರೆ." ಬ್ಯಾಟರಿಗೆ 11,000, ಒಟ್ಟು 71,000 ಅಂದೆ. ಒಂದು ರೂಪಾಯಿ ಚೌಕಾಸಿ ಇಲ್ಲದೆ ಒಪ್ಕೊಂಡ್ರು. ಮೇ ಎರಡನೇ ವಾರ ಹೋಗಿ ಬ್ಯಾಟರಿ ಕೂರ್ಸಿ, ಚಾರ್ಜರ್ ಸ್ವಿಚ್ಚಿಗೆ ಟೇಪ್ ಸುತ್ತಿ ಬಂದ್ವಿ.